ರೂಮು ತುಂಬಿದರೆ ಸಾಕೇ?

ಮಡಿಕೇರಿಯಂಥ ಪ್ರವಾಸಿ ಊರಿನಲ್ಲಿ ಶನಿವಾರ ರೂಮು ಸಿಗುವುದೇ ಕಷ್ಟ. ಮಂಗಳವಾರ ಅದೇ ಲಾಡ್ಜಿನ ಅರ್ಧಕ್ಕರ್ಧ ರೂಮು ಖಾಲಿ. ಹಾಗಾದರೆ ವ್ಯಾಪಾರ ಚೆನ್ನಾಗಿದೆಯೋ ಇಲ್ಲವೋ? ಉತ್ತರ ಬುಕಿಂಗ್ ದಾಖಲೆಯಲ್ಲೇ ಇರುತ್ತದೆ, ಆದರೆ ಅದನ್ನು ಸರಿಯಾಗಿ ಎಣಿಸಬೇಕು.

ಎಣಿಸಬೇಕಾದದ್ದು ಬುಕಿಂಗ್‌ಗಳನ್ನಲ್ಲ, ರಾತ್ರಿಗಳನ್ನು. ಎರಡು ರೂಮು ಹಿಡಿದ ಕುಟುಂಬವೊಂದು ಅಕ್ಟೋಬರ್ 30ಕ್ಕೆ ಬಂದು ನವೆಂಬರ್ 3ರ ಬೆಳಿಗ್ಗೆ ಹೊರಟಿತು ಎನ್ನಿ. ದಾಖಲೆಯಲ್ಲಿ ಅದು ಒಂದೇ ಸಾಲು. ಲೆಕ್ಕದಲ್ಲಿ ನಾಲ್ಕು ರಾತ್ರಿ, ಎರಡು ರೂಮು, ಒಟ್ಟು 8 ರೂಮು-ರಾತ್ರಿ. ಅದರಲ್ಲಿ ನಾಲ್ಕು ಅಕ್ಟೋಬರಿಗೆ, ನಾಲ್ಕು ನವೆಂಬರಿಗೆ. ಹೊರಡುವ ದಿನಕ್ಕೆ ಲೆಕ್ಕವಿಲ್ಲ. ರದ್ದಾದ ಬುಕಿಂಗ್‌ಗಳ ಸಾಲುಗಳೂ ದಾಖಲೆಯಲ್ಲಿ ಉಳಿದಿರುತ್ತವೆ, ಅವನ್ನು ತೆಗೆದುಹಾಕಬೇಕು. ಬಾಡಿಗೆಯಿಂದ ಜಿಎಸ್‌ಟಿಯನ್ನೂ ತಿಂಡಿಯ ಹಣವನ್ನೂ ಕಳೆಯಬೇಕು. ಇರುವುದು 20 ರೂಮು, ಒಂದು ರಾತ್ರಿಗೆ 22 ಮಾರಾಟವಾದಂತೆ ಕಂಡರೆ, ಎಲ್ಲೋ ರದ್ದಾದ ಬುಕಿಂಗ್ ಅಥವಾ ಹೊರಟ ದಿನ ನುಸುಳಿದೆ ಎಂದೇ ಅರ್ಥ.

ಈಗ 20 ರೂಮಿನ ಒಂದು ಲಾಡ್ಜನ್ನು ಕಲ್ಪಿಸಿಕೊಳ್ಳಿ. ವಾರಕ್ಕೆ ಮಾರಲು ಇರುವುದು 140 ರೂಮು-ರಾತ್ರಿ. ಭಾನುವಾರದಿಂದ ಗುರುವಾರದವರೆಗೆ ದಿನಕ್ಕೆ 8 ರೂಮು, ತಲಾ 2,000 ರೂಪಾಯಿಗೆ ಹೋದವು. ಶುಕ್ರವಾರ, ಶನಿವಾರ ಇಪ್ಪತ್ತೂ ತುಂಬಿದವು, ತಲಾ 3,500ಕ್ಕೆ. ಒಟ್ಟು 80 ರೂಮು-ರಾತ್ರಿ, 2,20,000 ರೂಪಾಯಿ.

ಮಾರಿದ 80ನ್ನು ಇದ್ದ 140ರಿಂದ ಭಾಗಿಸಿದರೆ ಆಕ್ಯುಪೆನ್ಸಿ, ಅಂದರೆ ಶೇ 57. ಹಣವನ್ನು ಮಾರಿದ 80ರಿಂದ ಭಾಗಿಸಿದರೆ ಎಡಿಆರ್, ಅಂದರೆ ಸರಾಸರಿ ದರ: 2,750. ಏಳು ದಿನದ ದರಗಳನ್ನು ಸುಮ್ಮನೆ ಕೂಡಿಸಿ ಏಳರಿಂದ ಭಾಗಿಸಿದರೆ 2,429 ಬರುತ್ತದೆ. ಬಹಳ ಕಡೆ ಹೀಗೇ ಮಾಡುತ್ತಾರೆ, ಅದು ತಪ್ಪು. ಎಂಟು ರೂಮು ಹೋದ ದಿನಕ್ಕೂ ಇಪ್ಪತ್ತು ಹೋದ ದಿನಕ್ಕೂ ಒಂದೇ ತೂಕ ಕೊಟ್ಟಂತಾಗುತ್ತದೆ.

ಮೂರನೆಯದೇ ನನಗೆ ಮುಖ್ಯ ಎನಿಸುವ ಅಂಕಿ: ರೆವ್‌ಪಾರ್. ಅದೇ ಹಣವನ್ನು ಖಾಲಿ ಬಿದ್ದ ರೂಮುಗಳನ್ನೂ ಸೇರಿಸಿ 140ರಿಂದ ಭಾಗಿಸುವುದು. ಬರುವುದು 1,571. ನಲ್ಲಿ ಕೆಟ್ಟು ಎರಡು ದಿನ ಬೀಗ ಬಿದ್ದ ರೂಮನ್ನೂ ಈ 140ರಲ್ಲೇ ಇಟ್ಟುಕೊಳ್ಳಬೇಕು. ತೆಗೆದರೆ ಅಂಕಿ ಸುಳ್ಳುಸುಳ್ಳೇ ಏರುತ್ತದೆ.

ಮಾಲೀಕರು ವಾರದ ನಡುವಿನ ದರವನ್ನು 1,500ಕ್ಕೆ ಇಳಿಸಿದರು, ದಿನಕ್ಕೆ 8ರ ಬದಲು 10 ರೂಮು ಹೋದವು ಎಂದುಕೊಳ್ಳೋಣ. ಆಕ್ಯುಪೆನ್ಸಿ ಶೇ 64ಕ್ಕೆ ಏರಿತು. ಕೈಗೆ ಬಂದದ್ದು ಮಾತ್ರ 2,15,000; ರೆವ್‌ಪಾರ್ 1,536ಕ್ಕೆ ಇಳಿಯಿತು. ಆ ಐದು ದಿನವೂ 10ರ ಬದಲು 11 ರೂಮು ಹೋಗಿದ್ದರೆ ಒಟ್ಟು 2,22,500 ಆಗಿ ರಿಯಾಯಿತಿ ಗಿಟ್ಟುತ್ತಿತ್ತು, ಅದೂ ಕಾಗದದ ಮೇಲೆ. ಹೆಚ್ಚುವರಿ 15 ರೂಮು-ರಾತ್ರಿಗೆ ಹಾಸಿಗೆಬಟ್ಟೆ ಒಗೆಸಬೇಕು, ಗೀಸರ್ ಉರಿಸಬೇಕು, ಆನ್‌ಲೈನ್ ಏಜೆಂಟರಿಗೆ ಕಮಿಷನ್ ಕೊಡಬೇಕು. ಈ ಖರ್ಚು ಯಾವುದೂ ರೆವ್‌ಪಾರ್‌ನಲ್ಲಿ ಕಾಣುವುದಿಲ್ಲ. ಗಳಿಸಿದ ಹೆಚ್ಚುವರಿ 2,500ರಲ್ಲಿ ಒಂದು ರೂಮು-ರಾತ್ರಿಯ ಪಾಲಿಗೆ ಬೀಳುವುದು 167 ರೂಪಾಯಿ. ಅಷ್ಟರಲ್ಲಿ ಇವೆಲ್ಲ ಮುಗಿಯಬೇಕು.