ಗಣೇಶನ ಪೆಂಡಾಲ್: ಕೊಟೇಷನ್ ಓದುವ ಬಗೆ

ಗಣೇಶನ ಹಬ್ಬಕ್ಕೆ ಬೀದಿಯಲ್ಲಿ 3 ದಿನದ ಪೆಂಡಾಲ್. ಒಬ್ಬ ಡೆಕೋರೇಟರ್ 40,000 ರೂಪಾಯಿ, ಇನ್ನೊಬ್ಬರು 48,000 ಹೇಳಿದರು ಎನ್ನಿ. ಮೊದಲನೆಯವರದು ಬರೀ ಬಟ್ಟೆಯ ಶಾಮಿಯಾನ. ಭಾದ್ರಪದದ ಮಳೆಗೆ ಸೋರುತ್ತದೆ. ತಗಡಿನ ಚಾವಣಿಗೆ 6,000, ಜನರೇಟರ್ ಡೀಸೆಲ್‌ಗೆ 4,000, ಸಾಗಣೆಗೆ 2,000 ಸೇರಿಸಿದರೆ ಅದೇ 52,000 ಆಗುತ್ತದೆ. ಎರಡನೆಯದರಲ್ಲಿ ಇವೆಲ್ಲ ಸೇರಿದ್ದರೆ ಅದೇ ಅಗ್ಗ. ಹಾಗಾಗಿ ಇಬ್ಬರಿಗೂ ಒಂದೇ ಪಟ್ಟಿ ಕೊಟ್ಟು ದರ ಬರೆಸಿಕೊಳ್ಳಿ.

ಬಾಡಿಗೆ ಯಾವ ದಿನದಿಂದ ಶುರು ಎಂದು ಮೊದಲೇ ಕೇಳಿ. ಹಿಂದಿನ ದಿನ ಕಂಬ ನೆಟ್ಟದ್ದಕ್ಕೂ, ವಿಸರ್ಜನೆಯ ಮರುದಿನ ಬಿಚ್ಚುವುದಕ್ಕೂ ಕೆಲವರು ಬಾಡಿಗೆ ಹಾಕುತ್ತಾರೆ.

ಕುರ್ಚಿಗಳ ಲೆಕ್ಕದಲ್ಲೂ ಜಗಳ ಏಳುತ್ತದೆ. ಇಳಿಸುವಾಗಲೇ ಎಣಿಸಿ, ಮುರಿದವುಗಳ ಫೋಟೊ ತೆಗೆದು, ಚೀಟಿಗೆ ಇಬ್ಬರೂ ಸಹಿ ಹಾಕಿ. ವಾಪಸ್ ಕೊಡುವಾಗ ಮತ್ತೆ ಎಣಿಸಿದ ಮೇಲೆಯೇ ಬಾಕಿ ಹಣ ಕೊಡಿ.