ದಪ್ಪ ಮಾಡುವುದು ಮಾತ್ರೆಯೋ, ಸೂಜಿಯೋ?

ಮಕ್ಕಳ ನಡುವೆ ಅಂತರ ಬೇಕೆಂದು ಆಸ್ಪತ್ರೆಗೆ ಹೋದವರಿಗೆ ‘ಮಾಲಾ-ಎನ್’ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು ಎರಡನ್ನೂ ಹೇಳುತ್ತಾರೆ. ಆಗ ಹೆಂಗಸರ ಮೊದಲ ಪ್ರಶ್ನೆ, "ದಪ್ಪ ಆಗ್ತೀವಾ?" ಎಂಬುದೇ. ಮಾತ್ರೆಗೂ ಸೂಜಿಗೂ ಇದರ ಉತ್ತರ ಬೇರೆ ಬೇರೆ.

ಮಾತ್ರೆಯಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳಿವೆ. ಇಂಥ ಜೋಡಿ ಮಾತ್ರೆಗಳ ಬಗ್ಗೆ ನಡೆದ 49 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ತಜ್ಞರು 2014ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಹುಸಿಮಾತ್ರೆ ನುಂಗಿದವರೊಂದಿಗೆ ಹೋಲಿಸಿದ ಪ್ರಯೋಗಗಳು ಅವುಗಳಲ್ಲಿ ತೀರಾ ಕಡಿಮೆ. ಆದರೂ ಮಾತ್ರೆಯಿಂದ ತೂಕ ಗಣನೀಯವಾಗಿ ಏರುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಶುರುವಿನಲ್ಲಿ ಕೆಲವರಿಗೆ ಮೈಯಲ್ಲಿ ಸ್ವಲ್ಪ ನೀರು ನಿಂತು ಉಬ್ಬಿದಂತೆ ಅನಿಸಬಹುದು; ಅದು ಕೊಬ್ಬಲ್ಲ.

ಸೂಜಿಯ ಕತೆ ಬೇರೆ. ‘ಅಂತರಾ’ದಲ್ಲಿರುವುದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಪ್ರೊಜೆಸ್ಟಿನ್ ಮಾತ್ರ. ಸ್ನಾಯುವಿಗೆ ಕೊಡುವ ಸೂಜಿಯಲ್ಲಿ ಒಂದು ಸಲಕ್ಕೆ 150 ಮಿಲಿಗ್ರಾಂ ಇರುತ್ತದೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ 7,829 ಮಹಿಳೆಯರ ಮೇಲೆ ನಡೆದ ‘ಎಕೋ’ ಪ್ರಯೋಗದಲ್ಲಿ ಯಾರಿಗೆ ಈ ಸೂಜಿ, ಯಾರಿಗೆ ತೋಳಿನ ಇಂಪ್ಲಾಂಟ್, ಯಾರಿಗೆ ಕಾಪರ್-ಟಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ವರ್ಷದಿಂದ ಒಂದೂವರೆ ವರ್ಷದೊಳಗೆ ಸೂಜಿ ಪಡೆದವರು ಸರಾಸರಿ 3.5 ಕೆ.ಜಿ. ಏರಿದರು, ಇಂಪ್ಲಾಂಟ್‌ನವರು 2.4 ಕೆ.ಜಿ.

ಇಲ್ಲಿ ಗಮನಿಸಬೇಕಾದದ್ದು ಕಾಪರ್-ಟಿಯವರನ್ನು. ಅದರಲ್ಲಿ ಹಾರ್ಮೋನೇ ಇಲ್ಲ, ಆದರೂ ಅವರ ತೂಕ 1.5 ಕೆ.ಜಿ. ಏರಿತು. ವಯಸ್ಸು, ಊಟ, ದಿನಚರಿಯಿಂದ ಏನೂ ಬಳಸದಿದ್ದರೂ ಅಷ್ಟಿಷ್ಟು ಏರುವುದೇ. ಆದ್ದರಿಂದ 3.5ರಲ್ಲಿ ಆ 1.5 ಕಳೆದರೆ, ಕಾಪರ್-ಟಿಗಿಂತ ಸೂಜಿಯಿಂದ ಹೆಚ್ಚಾದದ್ದು ಸುಮಾರು ಎರಡು ಕೆ.ಜಿ.

ಆದರೆ ಸರಾಸರಿ ಎಂಬುದು ಎಲ್ಲರ ಲೆಕ್ಕವಲ್ಲ. ಒಬ್ಬಳಿಗೆ ಏನೂ ಆಗದೆ ಇನ್ನೊಬ್ಬಳಿಗೆ ಆರೇಳು ಕೆ.ಜಿ. ಏರಬಹುದು. ಮೊದಲ ಆರು ತಿಂಗಳಲ್ಲಿ ಮೈತೂಕದ ಶೇ. 5ಕ್ಕಿಂತ ಹೆಚ್ಚು ಏರಿದವರಿಗೆ ಮುಂದೆಯೂ ಏರುವ ಸಂಭವ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. 50 ಕೆ.ಜಿ. ಇರುವವರಿಗೆ ಶೇ. 5 ಎಂದರೆ ಎರಡೂವರೆ ಕೆ.ಜಿ. ಮೂರನೆಯ ಸೂಜಿಗೆ ಹೋಗುವ ಹೊತ್ತಿಗೆ ತಕ್ಕಡಿಯ ಮುಳ್ಳು 53 ತೋರಿಸಿದರೆ ಅಂದೇ ಕಾಪರ್-ಟಿ ಅಥವಾ ಬೇರೆ ವಿಧಾನದ ಬಗ್ಗೆ ವೈದ್ಯರನ್ನು ಕೇಳಬೇಕು. 51 ಇದ್ದರೆ ಗಾಬರಿ ಬೇಡ.

ಈ ಲೆಕ್ಕ ಸಿಗಬೇಕಾದರೆ ಮೊದಲ ಸೂಜಿಯ ದಿನದ ತೂಕ ಕಾರ್ಡಿನಲ್ಲಿ ಬರೆದಿರಬೇಕು. ಇನ್ನೊಂದು ಮಾತು: ಮೈಸೇರಿದ ಸೂಜಿಯನ್ನು ವಾಪಸು ತೆಗೆಯಲಾಗದು. ಬಿಟ್ಟ ಮೇಲೆ ಮತ್ತೆ ಗರ್ಭ ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ಹಾಗೆಂದು ಸೂಜಿಯ ತಾರೀಖು ಮೀರಿದ ಮೇಲೆ ರಕ್ಷಣೆ ಇದೆ ಎಂದು ನಂಬಿ ಕೂರಬೇಡಿ. ಬೇರೆ ವಿಧಾನ ಕೈಗೆ ಬಂದ ಮೇಲೆಯೇ ಸೂಜಿ ಬಿಡಿ.