ಆಫರ್ ಬೇಡ ಎನ್ನುವ ಮೇಲ್: ನಂಟು ಕಡಿಯದ ಹಾಗೆ ಬರೆಯುವುದು ಹೇಗೆ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60, 90 ದಿನಗಳ ನೋಟಿಸ್ ಪೀರಿಯಡ್ ಮಾಮೂಲಿ. ರಾಜೀನಾಮೆ ಕೊಟ್ಟವರು ಅಷ್ಟು ದಿನ ಸುಮ್ಮನೆ ಕೂರುವುದಿಲ್ಲ, ಒಂದು ಆಫರ್ ಕೈಯಲ್ಲಿದ್ದರೂ ಇಂಟರ್‌ವ್ಯೂಗಳಿಗೆ ಹೋಗುತ್ತಲೇ ಇರುತ್ತಾರೆ. ಹೀಗೆ ಎರಡು ಆಫರ್ ಬಂದು, ಒಂದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಇನ್ನೊಂದು ಕಂಪನಿಗೆ ಏನು ಹೇಳುವುದು ಎಂಬ ಪ್ರಶ್ನೆ ಏಳುತ್ತದೆ. ಅನೇಕರು ಏನೂ ಹೇಳುವುದಿಲ್ಲ. ಎಚ್‌ಆರ್ ಫೋನ್ ಬಂದರೆ ಎತ್ತುವುದಿಲ್ಲ, ಅಷ್ಟೆ.

ಆ ಕಡೆ ಏನಾಗುತ್ತದೆ ನೋಡಿ. ಹುದ್ದೆ ತುಂಬಿತು ಎಂದುಕೊಂಡು ಇಂಟರ್‌ವ್ಯೂ ನಿಲ್ಲಿಸಿರುತ್ತಾರೆ. ಎರಡನೇ ಸ್ಥಾನದಲ್ಲಿದ್ದ ಅಭ್ಯರ್ಥಿ ಬೇರೆಲ್ಲೋ ಸೇರಿಕೊಂಡಿರುತ್ತಾರೆ. ಸೇರಬೇಕಾದ ದಿನ ಮ್ಯಾನೇಜರ್ ಕಾದು ಕೂರುತ್ತಾರೆ. ಆಫರ್ ನಿರಾಕರಿಸಿದವರನ್ನೂ ಹೇಳದೇ ಕೇಳದೇ ಬಾರದೆ ಹೋದವರನ್ನೂ ಕಂಪನಿಗಳು ಒಂದೇ ಸಾಲಿನಲ್ಲಿ ಇಡುವುದಿಲ್ಲ. ಎರಡು ವರ್ಷ ಬಿಟ್ಟು ನೀವು ಮತ್ತೆ ಅರ್ಜಿ ಹಾಕಿದಾಗ ಹಳೆಯ ದಾಖಲೆ ತೆರೆದುಕೊಳ್ಳುವ ಸಾಧ್ಯತೆ ಇದ್ದೇ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟೆಸ್ಟಿಂಗ್‌ನಲ್ಲಿ ಐದು ವರ್ಷ ಅನುಭವವಿರುವ ಎಂಜಿನಿಯರ್ ಒಬ್ಬಳಿಗೆ ವೈಟ್‌ಫೀಲ್ಡ್‌ನ ಕಂಪನಿಯಿಂದ ಆಫರ್ ಬಂದಿದೆ, ಶುಕ್ರವಾರದೊಳಗೆ ಉತ್ತರಿಸಬೇಕು. ಸೋಮವಾರ ಮೈಸೂರಿನ ಕಂಪನಿಯ ಆಫರ್ ಲೆಟರ್ ಬಂತು, ಸಹಿಯನ್ನೂ ಹಾಕಿದಳು. ಬಾಯಿಮಾತಿನ ಭರವಸೆ ನಂಬಿ ಇನ್ನೊಂದನ್ನು ಬಿಡಬಾರದು, ಹಾಗಾಗಿ ಲೆಟರ್ ಕೈಸೇರುವವರೆಗೆ ಕಾದದ್ದು ಸರಿ. ಈಗ ಶುಕ್ರವಾರದವರೆಗೆ ಎಳೆಯಲು ಕಾರಣವಿಲ್ಲ.

ಅವಳ ಮೊದಲ ಕರಡು ಹೀಗಿತ್ತು ಎನ್ನಿ: "ವೈಯಕ್ತಿಕ ಕಾರಣಗಳಿಂದ ಸದ್ಯಕ್ಕೆ ಈ ಆಫರ್ ಬಗ್ಗೆ ಮುಂದುವರಿಯುವುದು ಕಷ್ಟವಾಗುತ್ತಿದೆ." ಮೆತ್ತಗೆ ಹೇಳಬೇಕೆಂಬ ಆಸೆ ಅವಳದು. ಎಚ್‌ಆರ್ ಮಾತ್ರ ಇದನ್ನು ಸಂಬಳದ ಚೌಕಾಸಿ ಎಂದೇ ಓದುತ್ತಾರೆ. ಸಂಜೆಯೊಳಗೆ "ಎಷ್ಟು ನಿರೀಕ್ಷೆ ಇದೆ ಹೇಳಿ" ಎಂದು ಫೋನ್ ಬಂದರೆ, ಮೇಲ್ ಕೆಲಸ ಮಾಡಿಲ್ಲ ಎಂದರ್ಥ.

ಮಂಗಳವಾರ ಬೆಳಿಗ್ಗೆ ಮೊದಲು ಎಚ್‌ಆರ್‌ಗೆ ಫೋನ್ ಮಾಡಿ ಎರಡು ನಿಮಿಷದಲ್ಲಿ ವಿಷಯ ಹೇಳಿ, ಆಮೇಲೆ ಆಫರ್ ಬಂದ ಮೇಲ್‌ಗೇ ಉತ್ತರ ಬರೆಯಬೇಕು. ಇಂಟರ್‌ವ್ಯೂ ಮಾಡಿದ ಮ್ಯಾನೇಜರ್ ಆ ಮೇಲ್‌ನಲ್ಲಿದ್ದರೆ ಅವರಿಗೂ ಹೋಗಲಿ. ಆಫೀಸಿಗೆ ಬರೆಯುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ, ಆದರೆ ಒಳಗಿನ ಸರಕು ಇಷ್ಟು:

"ಮೇಡಂ, ನಮಸ್ಕಾರ. ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ, ಸೀನಿಯರ್ ಟೆಸ್ಟ್ ಎಂಜಿನಿಯರ್ ಹುದ್ದೆಯ ಆಫರನ್ನು ನಾನು ಒಪ್ಪಿಕೊಳ್ಳುತ್ತಿಲ್ಲ. ಮೈಸೂರಿನಲ್ಲಿ ಬೇರೊಂದು ಕೆಲಸಕ್ಕೆ ನಿನ್ನೆ ಒಪ್ಪಿಗೆ ಕೊಟ್ಟಿದ್ದೇನೆ. ಮನೆಯವರೆಲ್ಲ ಅಲ್ಲೇ ಇರುವುದರಿಂದ ಈ ತೀರ್ಮಾನ. ಎರಡನೇ ಸುತ್ತಿನಲ್ಲಿ ನಿಮ್ಮ ತಂಡದವರು ಪೇಮೆಂಟ್ ಆ್ಯಪ್‌ನ ಲೋಡ್ ಟೆಸ್ಟಿಂಗ್ ಬಗ್ಗೆ ಮಾತಾಡಿದ್ದು ತುಂಬ ಹಿಡಿಸಿತು. ಮೈಸೂರಿನಿಂದಲೇ ಮಾಡಬಹುದಾದ ಅಂಥ ಕೆಲಸ ಮುಂದೆ ಇದ್ದರೆ ದಯವಿಟ್ಟು ತಿಳಿಸಿ. ನನ್ನ ಸ್ವಂತ ಮೇಲ್ ವಿಳಾಸ, ಫೋನ್ ನಂಬರ್ ಕೆಳಗಿವೆ. ನನಗಾಗಿ ಸಮಯ ಕೊಟ್ಟದ್ದಕ್ಕೆ ಧನ್ಯವಾದ."

ಒಪ್ಪಿಕೊಳ್ಳುತ್ತಿಲ್ಲ ಎಂಬುದು ಮೊದಲಲ್ಲೇ ಬಂತು. ಕಾರಣ ಒಂದೇ, ಅದೂ ನಿಜವಾದದ್ದು. ಅಮ್ಮನಿಗೆ ಹುಷಾರಿಲ್ಲ ಎಂದು ಕಥೆ ಕಟ್ಟಿದರೆ, ಮುಂದಿನ ತಿಂಗಳು ಲಿಂಕ್ಡ್‌ಇನ್‌ನಲ್ಲಿ ಹೊಸ ಕೆಲಸದ ಸುದ್ದಿ ಹಾಕುವಾಗ ಅದೇ ಎಚ್‌ಆರ್ ಓದುತ್ತಾರೆ. ಹೊಸ ಕಂಪನಿಯ ಹೆಸರನ್ನಾಗಲಿ ಅಲ್ಲಿನ ಸಂಬಳವನ್ನಾಗಲಿ ಬರೆಯುವ ಅಗತ್ಯವಿಲ್ಲ. "ಸಂಪರ್ಕದಲ್ಲಿರೋಣ" ಎಂದು ಎಲ್ಲರೂ ಬರೆಯುತ್ತಾರೆ, ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಲೋಡ್ ಟೆಸ್ಟಿಂಗ್ ಮಾತು ಮ್ಯಾನೇಜರಿಗೆ ನೆನಪಿರುತ್ತದೆ, ಯಾವ ಕೆಲಸಕ್ಕೆ ಇವಳನ್ನು ಕರೆಯಬಹುದು ಎಂಬುದೂ ಗೊತ್ತಾಗುತ್ತದೆ. ಆಸಕ್ತಿ ಇಲ್ಲದಿದ್ದರೆ ಮಾತ್ರ ಆ ಸಾಲು ಬೇಡವೇ ಬೇಡ.

ಈ ಆಫರಿಗೂ ಮೊದಲೇ ಸಹಿ ಹಾಕಿದ್ದರೆ ವಿಷಯ ಬೇರೆ. ಆಗ ಕೊಟ್ಟ ಮಾತಿನಿಂದ ಹಿಂದೆ ಸರಿಯುತ್ತಿದ್ದೇನೆ ಎಂದು ನೇರವಾಗಿ ಬರೆದು ಕ್ಷಮೆ ಕೇಳಬೇಕು. ಲೆಟರಿನ ಷರತ್ತುಗಳನ್ನು ಮತ್ತೊಮ್ಮೆ ಓದಿ, ಜಾಯಿನಿಂಗ್ ಬೋನಸ್ ಅಥವಾ ಊರು ಬದಲಿಸಲು ಹಣ ಮೊದಲೇ ಬಂದಿದ್ದರೆ ಹಿಂದಿರುಗಿಸುವುದು ಹೇಗೆಂದು ಅದೇ ಮೇಲ್‌ನಲ್ಲಿ ಕೇಳಬೇಕು.

ಕನ್ಸಲ್ಟೆನ್ಸಿ ಮೂಲಕ ಬಂದ ಕೆಲಸವಾದರೆ ಇನ್ನೊಂದು ಎಚ್ಚರ. ಸಾಮಾನ್ಯವಾಗಿ ಅಭ್ಯರ್ಥಿ ಸೇರಿದ ಮೇಲೆಯೇ ಅವರಿಗೆ ಕಮಿಷನ್ ಸಿಗುವುದು. ಹಾಗಾಗಿ "ಇನ್ನೊಮ್ಮೆ ಯೋಚಿಸಿ" ಎಂದು ಅವರು ನಿಮ್ಮ ಉತ್ತರವನ್ನು ತಡೆಹಿಡಿಯುವುದುಂಟು. ಅವರಿಗೆ ಹೇಳುವುದರ ಜೊತೆಗೆ, ಆಫರ್ ಕಳಿಸಿದ ಕಂಪನಿಗೆ ನೀವೇ ಮೇಲ್ ಮಾಡಿ.